ಪ್ರಬಲ ಆಮ್ಲ, ಪ್ರಬಲ ಪ್ರತ್ಯಾಮ್ಲ: ವಾಹಕತಾ ಟೈಟ್ರೇಶನ್ನಿನ ‘V’ ನಕ್ಷೆಯನ್ನು ಓದುವ ಬಗೆ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಬಿ.ಎಸ್ಸಿ. ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ಪ್ರಾಯೋಗಿಕ ಪರೀಕ್ಷೆಯ ದಿನಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ನನ್ನ ಪಟ್ಟಿಯಲ್ಲಿ ಅತ್ಯಂತ ಕಡಿಮೆ ರೀಡಿಂಗ್ 5 ಮಿ.ಲೀ. ಎದುರಿಗಿದೆ. ಹಾಗಾದರೆ ಉತ್ತರ 5 ಮಿ.ಲೀ. ಆಗಬೇಕಲ್ಲವೇ? ಗುರುಗಳು 5.2 ಎಂದು ಏಕೆ ತಿದ್ದಿದರು?’ ಗುರುಗಳು ತಿದ್ದಿದ್ದು ಸರಿ. ಅತ್ಯಂತ ಕಡಿಮೆ ರೀಡಿಂಗ್ ಎಂಬುದು ನೀವು ಬ್ಯುರೆಟ್ಟಿನ ನಲ್ಲಿಯನ್ನು ಎಲ್ಲೆಲ್ಲಿ ನಿಲ್ಲಿಸಿದಿರಿ ಎಂಬುದನ್ನು ಅವಲಂಬಿಸಿದ ಆಕಸ್ಮಿಕ ಸಂಖ್ಯೆ; ಆಮ್ಲ ಮುಗಿದ ಬಿಂದುವನ್ನು ಹೇಳುವುದು ಎಡಗಡೆಯ ಗೆರೆ ಮತ್ತು ಬಲಗಡೆಯ ಗೆರೆ ಪರಸ್ಪರ ಛೇದಿಸುವ ಸ್ಥಾನ. ಇವೆರಡೂ ಒಂದೇ ಅಲ್ಲ ಎಂಬುದನ್ನು ಒಂದು ಪೂರ್ಣ ಉದಾಹರಣೆಯ ಮೂಲಕ ತೋರಿಸುವುದೇ ಈ ಲೇಖನದ ಕೆಲಸ. ಬೀಕರಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ, ಬ್ಯುರೆಟ್ಟಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಇರುವ ಪ್ರಯೋಗವನ್ನಷ್ಟೇ ಇಲ್ಲಿ ತೆಗೆದುಕೊಂಡಿದ್ದೇನೆ. ದುರ್ಬಲ ಆಮ್ಲ ಬೆರೆತ ಮಿಶ್ರಣದ ನಕ್ಷೆಗೆ ಮೂರು ಗೆರೆಗಳಿರುತ್ತವೆ. ಅದನ್ನು ಓದುವ ಕ್ರಮವೇ ಬೇರೆ.

ಗೆರೆ ಮೊದಲು ಇಳಿದು ಆಮೇಲೆ ಏರುವುದೇಕೆ

ವಾಹಕತೆ ಎಂದರೆ ದ್ರಾವಣವು ವಿದ್ಯುತ್ತನ್ನು ಎಷ್ಟು ಸುಲಭವಾಗಿ ಸಾಗಗೊಡುತ್ತದೆ ಎಂಬುದರ ಅಳತೆ. ದ್ರಾವಣದಲ್ಲಿ ವಿದ್ಯುತ್ತನ್ನು ಹೊರುವುದು ಅಯಾನುಗಳು, ಅಂದರೆ ವಿದ್ಯುದಂಶವುಳ್ಳ ಕಣಗಳು. ಎಲ್ಲ ಅಯಾನುಗಳೂ ಸಮಾನವಾಗಿ ಹೊರುವುದಿಲ್ಲ. ಅತಿ ತೆಳುವಾದ ದ್ರಾವಣದಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ಮೋಲ್ ಅಯಾನಿನ ಹೊರುವ ಸಾಮರ್ಥ್ಯವು H⁺ ಅಯಾನಿಗೆ ಸುಮಾರು 350, OH⁻ ಅಯಾನಿಗೆ 199, Cl⁻ ಅಯಾನಿಗೆ 76, Na⁺ ಅಯಾನಿಗೆ ಕೇವಲ 50. ಏಕಮಾನ S cm² mol⁻¹. Na⁺, Cl⁻ ಅಯಾನುಗಳು ನೀರನ್ನು ಸೀಳಿಕೊಂಡು ತಾವೇ ಚಲಿಸಬೇಕು. ಆದರೆ ಸಾಲಾಗಿ ನಿಂತ ಜನ ನೀರಿನ ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸಿದಂತೆ, H⁺ ಒಂದು ನೀರಿನ ಅಣುವಿನಿಂದ ಪಕ್ಕದ ಅಣುವಿಗೆ ದಾಟುತ್ತ ಸಾಗುತ್ತದೆ. ಅದರ ಅಂಕಿ ಅಷ್ಟು ದೊಡ್ಡದಾಗಿರುವುದು ಇದರಿಂದಲೇ.

ಬೀಕರಿನ ಆಮ್ಲಕ್ಕೆ ಒಂದು ಹನಿ NaOH ಬಿದ್ದಾಗ OH⁻ ಅಯಾನು ಒಂದು H⁺ ಅಯಾನಿನೊಡನೆ ಕೂಡಿ ನೀರಾಗುತ್ತದೆ, ಆ ಜಾಗಕ್ಕೆ Na⁺ ಬರುತ್ತದೆ. 350 ಹೊರುತ್ತಿದ್ದವನು ಹೋಗಿ 50 ಹೊರುವವನು ಬಂದನೆಂದರೆ ನಷ್ಟ 300. ಹನಿ ಹನಿಗೂ ಇದೇ ನಷ್ಟವಾದ್ದರಿಂದ ಗೆರೆ ನೇರವಾಗಿ ಇಳಿಯುತ್ತದೆ. H⁺ ಪೂರ್ತಿ ಮುಗಿದ ಮೇಲೆ ಬೀಳುವ NaOH ಜೊತೆ ವರ್ತಿಸಲು ಏನೂ ಉಳಿದಿರುವುದಿಲ್ಲ. Na⁺ ಮತ್ತು OH⁻ ಎರಡೂ ದ್ರಾವಣದಲ್ಲಿ ಉಳಿದು 50 ಮತ್ತು 199, ಒಟ್ಟು 249 ಲಾಭವಾಗುತ್ತದೆ. ಗೆರೆ ಈಗ ನೇರವಾಗಿ ಏರುತ್ತದೆ. H⁺ ಮುಗಿದು, ಹೆಚ್ಚುವರಿ OH⁻ ಇನ್ನೂ ಸೇರದ ಆ ಒಂದು ಸ್ಥಾನಕ್ಕೆ ಸಮಾನತಾ ಬಿಂದು ಎಂದು ಹೆಸರು. ಅಲ್ಲಿಯೂ ವಾಹಕತೆ ಸೊನ್ನೆಗೆ ಇಳಿಯುವುದಿಲ್ಲ, ಏಕೆಂದರೆ ಬೀಕರಿನಲ್ಲಿ ಉಪ್ಪಿನ ನೀರು, ಅಂದರೆ Na⁺ ಮತ್ತು Cl⁻, ಇದ್ದೇ ಇರುತ್ತದೆ.

ಈ 300 ಮತ್ತು 249 ಎಂಬ ಎರಡು ಅಂಕಿಗಳನ್ನು ನೆನಪಿಡಿ. ನಿಮ್ಮ ನಕ್ಷೆ ಸರಿಯಿದೆಯೇ ಎಂದು ಕೊನೆಯಲ್ಲಿ ಪರೀಕ್ಷಿಸಲು ಇವು ಬೇಕಾಗುತ್ತವೆ.

ಬೇಕಾಗುವ ಸಾಮಗ್ರಿ

ಕಂಡಕ್ಟಿವಿಟಿ ಮೀಟರ್ ಮತ್ತು ಅದರ ಸೆಲ್, ಅಂದರೆ ಎರಡು ಪ್ಲಾಟಿನಂ ಫಲಕಗಳಿರುವ ಗಾಜಿನ ಕಡ್ಡಿ, 10 ಮಿ.ಲೀ. ಬ್ಯುರೆಟ್, 50 ಮಿ.ಲೀ. ಪಿಪೆಟ್, ಸುಮಾರು 0.01 ಮೋಲಾರ್ ಇರುವ, ಸಾರತೆ ಕಂಡುಹಿಡಿಯಬೇಕಾದ HCl. ಸಾರತೆ ಖಚಿತವಾಗಿ ಗೊತ್ತಿರುವ 0.100 ಮೋಲಾರ್ NaOH, ಡಿಸ್ಟಿಲ್ಡ್ ವಾಟರ್, ಗ್ರಾಫ್ ಹಾಳೆ. ಬ್ಯುರೆಟ್ಟಿನ ದ್ರಾವಣ ಬೀಕರಿನ ದ್ರಾವಣಕ್ಕಿಂತ ಸುಮಾರು ಹತ್ತು ಪಟ್ಟು ಸಾಂದ್ರವಾಗಿರಬೇಕು. ಎರಡೂ 0.01 ಮೋಲಾರ್ ಆಗಿದ್ದರೆ ಸಮಾನತಾ ಬಿಂದು ಮುಟ್ಟುವಷ್ಟರಲ್ಲಿ ಬೀಕರಿನ ದ್ರಾವಣ ಇಮ್ಮಡಿಯಾಗಿ, ನೇರವಾಗಿರಬೇಕಾದ ಗೆರೆಗಳು ಬಿಲ್ಲಿನಂತೆ ಬಾಗುತ್ತವೆ.

ಹಂತ 1: ರೀಡಿಂಗ್ ತೆಗೆಯುವುದು

50 ಮಿ.ಲೀ. ಆಮ್ಲವನ್ನು ಪಿಪೆಟ್ಟಿನಿಂದ ಬೀಕರಿಗೆ ಹಾಕಿ, ಸೆಲ್ಲಿನ ಫಲಕಗಳು ಪೂರ್ತಿ ಮುಳುಗುವಂತೆ ಇಳಿಬಿಡಿ. ಮುಳುಗದಿದ್ದರೆ ಡಿಸ್ಟಿಲ್ಡ್ ವಾಟರ್ ಸೇರಿಸಬಹುದು. ಆಮ್ಲದ ಮೋಲ್‌ಗಳ ಸಂಖ್ಯೆ ಬದಲಾಗುವುದಿಲ್ಲವಾದ್ದರಿಂದ ಸಮಾನತಾ ಬಿಂದು ಅಲ್ಲಿಯೇ ಇರುತ್ತದೆ. ಆದರೆ ಎಷ್ಟು ಸೇರಿಸಿದಿರೆಂದು ಬರೆದಿಟ್ಟುಕೊಳ್ಳಿ, ಎರಡನೆಯ ಹಂತದಲ್ಲಿ ಬೇಕಾಗುತ್ತದೆ. ಫಲಕಗಳ ಮೇಲಿನ ಕಪ್ಪು ಲೇಪವನ್ನು ಬಟ್ಟೆಯಿಂದಾಗಲಿ ಕಾಗದದಿಂದಾಗಲಿ ಎಂದೂ ಒರೆಸಬಾರದು. ಅದು ಕೊಳೆಯಲ್ಲ, ಬೇಕೆಂದೇ ಕೂಡಿಸಿದ ಪ್ಲಾಟಿನಂ ಪುಡಿ.

NaOH ಅನ್ನು ಅರ್ಧರ್ಧ ಮಿ.ಲೀ. ಹಾಕುತ್ತ, ಪ್ರತಿ ಸಲವೂ ಚೆನ್ನಾಗಿ ಕಲಕಿ, ಕಲಕುವುದನ್ನು ನಿಲ್ಲಿಸಿ, ಅಂಕಿ ಸ್ಥಿರವಾದ ಮೇಲೆ ಬರೆದುಕೊಳ್ಳಿ. ಫಲಕಗಳ ನಡುವೆ ಗಾಳಿಗುಳ್ಳೆ ಸಿಕ್ಕಿದ್ದರೆ ರೀಡಿಂಗ್ ಸುಳ್ಳಾಗಿ ಕಡಿಮೆ ಬರುತ್ತದೆ. ಸೆಲ್ಲನ್ನು ಮೆಲ್ಲಗೆ ತಟ್ಟಿ ಬಿಡಿಸಿ. ರೀಡಿಂಗ್ ಏರತೊಡಗಿದೊಡನೆ ಪ್ರಯೋಗ ಮುಗಿಯಿತೆಂದು ಅನೇಕರು ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಬಲಗಡೆಯ ಗೆರೆ ಎಳೆಯಲು ಎಡಗಡೆಯಷ್ಟೇ ಬಿಂದುಗಳು ಬೇಕು. 5ರ ಆಸುಪಾಸಿನಲ್ಲಿ ತಿರುವು ಬಂದರೆ 10 ಮಿ.ಲೀ.ವರೆಗೂ ಮುಂದುವರಿಸಿ.

ಮೀಟರಿನ ಪರದೆಯಲ್ಲಿ mS ಇದೆಯೋ µS ಇದೆಯೋ ಎಂಬುದರ ಮೇಲೆ ಕಣ್ಣಿಡಿ. 1 mS ಎಂದರೆ 1000 µS. ವಾಹಕತೆ 2 mSಗಿಂತ ಕೆಳಗಿಳಿದಾಗ ಕೆಲವು ಮೀಟರುಗಳು ತಾವೇ ಏಕಮಾನ ಬದಲಿಸುತ್ತವೆ, ಕೆಲವುಗಳಲ್ಲಿ ಗುಂಡಿ ತಿರುಗಿಸಬೇಕಾಗುತ್ತದೆ. ಗೆರೆಯ ನಡುವೆ ಕಾರಣವಿಲ್ಲದೆ ಒಂದು ಮೆಟ್ಟಿಲು ಕಂಡರೆ ಮೊದಲು ಸಂಶಯಪಡಬೇಕಾದದ್ದು ಈ ಬದಲಾವಣೆಯ ಜಾಗವನ್ನೇ.

ಹಂತ 2: ಗಾತ್ರದ ತಿದ್ದುಪಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು, ಉತ್ತರವನ್ನು ಕೆಡಿಸುವುದೂ ಇದೇ. ನೀವು NaOH ಜೊತೆಗೆ ನೀರನ್ನೂ ಹಾಕುತ್ತಿದ್ದೀರಿ. 10 ಮಿ.ಲೀ. ಹಾಕುವಷ್ಟರಲ್ಲಿ ಬೀಕರಿನಲ್ಲಿ 50ರ ಬದಲು 60 ಮಿ.ಲೀ. ಇರುತ್ತದೆ, ಎಲ್ಲ ಅಯಾನುಗಳೂ ಅಷ್ಟರಮಟ್ಟಿಗೆ ತೆಳುವಾಗಿರುತ್ತವೆ. ಇದನ್ನು ಸರಿಪಡಿಸಲು ಪ್ರತಿ ರೀಡಿಂಗನ್ನೂ (50 + V) ÷ 50 ರಿಂದ ಗುಣಿಸಿ. V ಎಂದರೆ ಅಲ್ಲಿಯವರೆಗೆ ಹಾಕಿದ NaOH, ಮಿ.ಲೀ.ಗಳಲ್ಲಿ. ಆರಂಭದಲ್ಲಿ ನೀರು ಸೇರಿಸಿದ್ದರೆ ಎರಡೂ ಕಡೆ 50ರ ಜಾಗದಲ್ಲಿ ಆ ಒಟ್ಟು ಗಾತ್ರ ಬರಬೇಕು.

ಉದಾಹರಣೆಯ ಪಟ್ಟಿ ಹೀಗಿದೆ. ಗುಣಾಕಾರ ಸುಲಭವಾಗಿ ಕಾಣಲೆಂದು ಒಂದೊಂದು ಮಿ.ಲೀ. ಅಂತರದ ಸಾಲುಗಳನ್ನಷ್ಟೇ ಕೊಟ್ಟಿದ್ದೇನೆ.

| NaOH, ಮಿ.ಲೀ. | ರೀಡಿಂಗ್, mS | ತಿದ್ದಿದ ಬೆಲೆ, mS |
|---|---|---|
| 0 | 4.28 | 4.28 |
| 1 | 3.63 | 3.70 |
| 2 | 2.99 | 3.11 |
| 3 | 2.38 | 2.52 |
| 4 | 1.79 | 1.93 |
| 5 | 1.23 | 1.35 |
| 6 | 1.44 | 1.61 |
| 7 | 1.83 | 2.09 |
| 8 | 2.21 | 2.56 |
| 9 | 2.57 | 3.03 |
| 10 | 2.93 | 3.52 |

ಎರಡನೆಯ ಕಾಲಮ್ಮನ್ನು ಗಮನಿಸಿ. ಮೊದಲ ಮಿ.ಲೀ.ಗೆ ಇಳಿತ 0.65, ಐದನೆಯದಕ್ಕೆ 0.56. ಬಲಗಡೆಯಲ್ಲಿಯೂ ಏರಿಕೆ 0.39ರಿಂದ 0.36ಕ್ಕೆ ಕುಗ್ಗುತ್ತದೆ. ಅಂದರೆ ಇವು ನೇರ ಗೆರೆಗಳೇ ಅಲ್ಲ. ಮೂರನೆಯ ಕಾಲಮ್ಮಿನಲ್ಲಿ ಎಡಗಡೆಯ ಇಳಿತ ಎಲ್ಲೆಡೆ 0.58 ಅಥವಾ 0.59, ಬಲಗಡೆಯ ಏರಿಕೆ 0.47ರಿಂದ 0.49. ತಿದ್ದಿದ ಬೆಲೆಗಳೇ ನೇರ ಗೆರೆಯ ಮೇಲೆ ಕೂರುತ್ತವೆ.

ಹಂತ 3: ಗ್ರಾಫ್ ಹಾಳೆಯ ಮೇಲೆ

ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಅಡ್ಡ ಅಕ್ಷದಲ್ಲಿ NaOH, 1 ಸೆಂ.ಮೀ.ಗೆ 0.5 ಮಿ.ಲೀ.; ಲಂಬ ಅಕ್ಷದಲ್ಲಿ ತಿದ್ದಿದ ವಾಹಕತೆ, 1 ಸೆಂ.ಮೀ.ಗೆ 0.25 mS. ಆಗ ನಕ್ಷೆ 20 ಸೆಂ.ಮೀ. ಅಗಲ, 17 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಎತ್ತರ ಬರುತ್ತದೆ, ಹಾಳೆಯ ಒಂದು ಸಣ್ಣ ಚೌಕ 0.05 ಮಿ.ಲೀ. ಆಗುತ್ತದೆ. ಹಾಳೆಯ ಮೂಲೆಯಲ್ಲಿ ಅಂಗೈಯಗಲ ನಕ್ಷೆ ಬರೆದವರು ಛೇದನ ಬಿಂದುವನ್ನು 0.2 ಮಿ.ಲೀ. ಆಚೀಚೆ ಓದುತ್ತಾರೆ, ಬ್ಯುರೆಟ್ಟಿನಲ್ಲಿ ಎಷ್ಟೇ ಎಚ್ಚರ ವಹಿಸಿದ್ದರೂ ಅದೆಲ್ಲ ಇಲ್ಲಿ ನೀರುಪಾಲಾಗುತ್ತದೆ.

ಹಂತ 4: ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ಎಳೆಯುವುದು

ಬಿಂದುವಿನಿಂದ ಬಿಂದುವಿಗೆ ಗೆರೆ ಜೋಡಿಸುತ್ತ ಹೋಗಬೇಡಿ. ಹಾಗೆ ಜೋಡಿಸಿದರೆ V ಆಕಾರದ ತುದಿ ತಾನಾಗಿಯೇ ನಿಮ್ಮ ಅತಿ ಕಡಿಮೆ ರೀಡಿಂಗಿನ ಮೇಲೆ, ಅಂದರೆ 5.0 ಮಿ.ಲೀ. ಮೇಲೆ, ಬಂದು ನಿಲ್ಲುತ್ತದೆ. ಮೇಲಿನ ಪ್ರಶ್ನೆ ಹುಟ್ಟುವುದೇ ಇಲ್ಲಿ.

ಉದ್ದನೆಯ ಪಾರದರ್ಶಕ ಸ್ಕೇಲನ್ನು ಇಟ್ಟು, 0ಯಿಂದ 4 ಮಿ.ಲೀ.ವರೆಗಿನ ಬಿಂದುಗಳ ನಡುವೆ ಹಾಯುವ ಒಂದೇ ನೇರ ಗೆರೆ ಎಳೆಯಿರಿ. ಅದನ್ನು ಕೆಳಗೆ, ಅಂಕಿಗಳಿಲ್ಲದ ಜಾಗಕ್ಕೂ ಮುಂದುವರಿಸಿ. ಹಾಗೆಯೇ 6ರಿಂದ 10ರವರೆಗಿನ ಬಿಂದುಗಳ ಗೆರೆಯನ್ನು ಹಿಂದಕ್ಕೆ ಎಳೆಯಿರಿ. 5 ಮಿ.ಲೀ.ನ ಬಿಂದುವನ್ನು ಎಣಿಕೆಯಲ್ಲಿ ಹಿಡಿಯಬೇಕಿಲ್ಲ. ತುದಿಯಿಂದ ಅರ್ಧ ಮಿ.ಲೀ. ಒಳಗಿರುವ ಬಿಂದುಗಳಲ್ಲಿ ಸ್ವಲ್ಪವೇ ಕಾರ್ಬೊನೇಟ್ ಇದ್ದರೂ, ಕಲಕುವುದು ಸ್ವಲ್ಪವೇ ಸಾಲದೆ ಹೋದರೂ, ದೋಷ ಎದ್ದು ಕಾಣುತ್ತದೆ. ದೂರದ ಬಿಂದುಗಳಿಗೆ ಆ ತೊಂದರೆ ಕಡಿಮೆ. ಸಮಾನತಾ ಬಿಂದುವಿನ ಹತ್ತಿರ ಒಂದೊಂದು ಹನಿ ಹಾಕಿ ರೀಡಿಂಗ್ ತೆಗೆಯುವ ಅಗತ್ಯವಿಲ್ಲದಿರುವುದು ಈ ವಿಧಾನದ ದೊಡ್ಡ ಅನುಕೂಲ. ಬಣ್ಣದ ಸೂಚಕದ ಟೈಟ್ರೇಶನ್ನಿನಲ್ಲಿ ರೂಢಿಯಾದ ಅಭ್ಯಾಸವನ್ನು ಇಲ್ಲಿಗೆ ತರಬೇಡಿ.

ಕಂಪ್ಯೂಟರ್ ಇದ್ದರೆ ಎಕ್ಸೆಲ್ಲಿನಲ್ಲಿ ಪ್ರತಿ ಗೆರೆಗೂ ಎರಡು ಸೂತ್ರ ಸಾಕು. ಮೊದಲ ಕಾಲಮ್ಮಿನಲ್ಲಿ ಮಿ.ಲೀ., ಮೂರನೆಯದರಲ್ಲಿ ತಿದ್ದಿದ ಬೆಲೆ ಇದ್ದು, ಎರಡನೆಯ ಸಾಲಿನಿಂದ ಅಂಕಿಗಳು ಶುರುವಾದರೆ ಎಡಗಡೆಯ ಗೆರೆಗೆ ಇವು:

```
=SLOPE(C2:C6,A2:A6)
=INTERCEPT(C2:C6,A2:A6)
```

ಬಲಗಡೆಯ ಗೆರೆಗೆ ಸಾಲುಗಳು 8ರಿಂದ 12. ಒಟ್ಟು ಹನ್ನೊಂದೂ ಸಾಲುಗಳನ್ನು ಒಮ್ಮೆಗೇ ಆಯ್ದು ‘ಟ್ರೆಂಡ್‌ಲೈನ್’ ಹಾಕಿದರೆ ಬರುವ ಗೆರೆಗೆ ಯಾವ ಅರ್ಥವೂ ಇಲ್ಲ.

ಹಂತ 5: ಛೇದನ ಬಿಂದು ಮತ್ತು ಲೆಕ್ಕ

ನಮ್ಮ ಉದಾಹರಣೆಯಲ್ಲಿ ಎಡಗಡೆಯ ಗೆರೆ 4.284ರಿಂದ ಆರಂಭವಾಗಿ ಪ್ರತಿ ಮಿ.ಲೀ.ಗೆ 0.588 ಇಳಿಯುತ್ತದೆ. ಬಲಗಡೆಯ ಗೆರೆ ಪ್ರತಿ ಮಿ.ಲೀ.ಗೆ 0.476 ಏರುತ್ತದೆ, ಹಿಂದಕ್ಕೆ ಎಳೆದಾಗ ಲಂಬ ಅಕ್ಷವನ್ನು −1.246ರಲ್ಲಿ ಮುಟ್ಟುತ್ತದೆ. ಋಣ ಸಂಖ್ಯೆ ಕಂಡು ಗಾಬರಿಯಾಗಬೇಡಿ. ಅದು ಗೆರೆಯ ಗಣಿತವಷ್ಟೇ, ಅಂಥ ವಾಹಕತೆ ಬೀಕರಿನಲ್ಲಿ ಎಲ್ಲಿಯೂ ಇಲ್ಲ. ಎರಡೂ ಗೆರೆಗಳು ಕೂಡುವಲ್ಲಿ:

V = (4.284 + 1.246) ÷ (0.588 + 0.476) = 5.530 ÷ 1.064 = 5.20 ಮಿ.ಲೀ.

ಆಮ್ಲದ ಸಾರತೆ = 5.20 × 0.100 ÷ 50 = 0.0104 ಮೋಲಾರ್. HCl ಮೋಲಾರ್ ರಾಶಿ 36.46 ಆದ್ದರಿಂದ ಲೀಟರಿಗೆ ಸುಮಾರು 0.379 ಗ್ರಾಂ.

ಈಗ ತಪ್ಪು ದಾರಿಗಳ ಬೆಲೆಯನ್ನೂ ನೋಡೋಣ. ಅತಿ ಕಡಿಮೆ ರೀಡಿಂಗನ್ನೇ ನಂಬಿ 5.0 ಬರೆದವರ ಉತ್ತರ 0.0100, ಅಂದರೆ ಸುಮಾರು ಶೇ. 4 ಕಡಿಮೆ. ಗೆರೆಗಳನ್ನು ಸರಿಯಾಗಿಯೇ ಎಳೆದು, ಗಾತ್ರದ ತಿದ್ದುಪಡಿಯನ್ನು ಮಾತ್ರ ಬಿಟ್ಟವರಿಗೆ ಎರಡನೆಯ ಕಾಲಮ್ಮಿನ ಅದೇ ಬಿಂದುಗಳಿಂದ 5.07 ಮಿ.ಲೀ. ಬರುತ್ತದೆ, ಶೇ. 2.5 ಕಡಿಮೆ. ಈ ಎರಡನೆಯ ತಪ್ಪು ಹೆಚ್ಚು ಅಪಾಯಕಾರಿ ಎಂದು ನನ್ನ ಅಭಿಪ್ರಾಯ, ಏಕೆಂದರೆ ನಕ್ಷೆ ನೋಡಲು ಅಚ್ಚುಕಟ್ಟಾಗಿರುತ್ತದೆ, ಬಾಗು ಬರಿಗಣ್ಣಿಗೆ ಕಾಣುವುದಿಲ್ಲ.

ಹಂತ 6: ನಕ್ಷೆಯನ್ನು ನಂಬುವ ಮೊದಲು ಎರಡು ಪರೀಕ್ಷೆ

ಮೊದಲನೆಯದು ಗೆರೆಗಳ ಕಡಿದಾಗುವಿಕೆ. ಎಡಗಡೆಯ ಇಳಿತ 300ಕ್ಕೆ, ಬಲಗಡೆಯ ಏರಿಕೆ 249ಕ್ಕೆ ಸಂಬಂಧಿಸಿದ್ದರಿಂದ ಅವುಗಳ ಅನುಪಾತ ಸುಮಾರು 1.2 ಇರಬೇಕು. ನಮ್ಮಲ್ಲಿ 0.588 ÷ 0.476 = 1.24. ಆ ಅಂಕಿಗಳು ಅತಿ ತೆಳು ದ್ರಾವಣದವು, 0.01 ಮೋಲಾರ್ ಮಟ್ಟದಲ್ಲಿ ಅಯಾನುಗಳು ಒಂದನ್ನೊಂದು ತುಸು ತಡೆಯುವುದರಿಂದ ಇಷ್ಟು ವ್ಯತ್ಯಾಸ ಸಹಜ. ಬಲಗಡೆಯ ಗೆರೆ ಎಡಗಡೆಯಷ್ಟೇ ಕಡಿದಾಗಿದ್ದರೆ ಅಥವಾ ಅದಕ್ಕಿಂತ ಕಡಿದಾಗಿದ್ದರೆ ಎಲ್ಲೋ ತಪ್ಪಿದೆ. ಒಂದೇ ಒಂದು ವಿನಾಯಿತಿ: ಬ್ಯುರೆಟ್ಟಿನಲ್ಲಿ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಇದ್ದರೆ K⁺ ಅಯಾನಿನ ಅಂಕಿ ಸುಮಾರು 73 ಆದ್ದರಿಂದ ನಷ್ಟ 277, ಲಾಭ 272 ಆಗಿ ಎರಡೂ ತೋಳುಗಳು ಹೆಚ್ಚುಕಡಿಮೆ ಸರಿಸಮ ಕಾಣುತ್ತವೆ.

ಎರಡನೆಯದು ತುದಿಯ ಎತ್ತರ. ಆರಂಭದಲ್ಲಿ H⁺ ಮತ್ತು Cl⁻ ಸೇರಿ 426, ಸಮಾನತಾ ಬಿಂದುವಿನಲ್ಲಿ Na⁺ ಮತ್ತು Cl⁻ ಸೇರಿ 126. ಹಾಗಾಗಿ ಛೇದನ ಬಿಂದುವಿನ ಎತ್ತರ ಆರಂಭದ ಬೆಲೆಯ ಶೇ. 30ರ ಹತ್ತಿರ ಇರಬೇಕು. ನಮ್ಮಲ್ಲಿ 1.23 ÷ 4.28, ಅಂದರೆ ಶೇ. 29. ಇದು ಶೇ. 35 ದಾಟಿದರೆ ಬೀಕರಿನಲ್ಲಿ ಬೇರೆ ಯಾವುದೋ ಲವಣ ಸೇರಿದೆ ಎಂದರ್ಥ.

ನಮ್ಮ ಕಡೆಯ ನೀರಿನ ವಿಷಯ

ವಿಜಯಪುರ, ಬಾಗಲಕೋಟೆ ಕಡೆಯ ಅನೇಕ ಬೋರ್‌ವೆಲ್‌ಗಳ ನೀರು ಗಡಸು, ಕೆಲವೆಡೆ ಸವಳು. ಇಂಥ ನೀರಿನಲ್ಲಿ ಬೀಕರ್ ತೊಳೆದು, ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸದೆ ಬಳಸಿದರೆ ಎರಡು ಬೇರೆ ಬೇರೆ ಪರಿಣಾಮಗಳಾಗುತ್ತವೆ. ನೀರಿನಲ್ಲಿ ಬರೀ ಕ್ಲೋರೈಡ್, ಸಲ್ಫೇಟ್ ಇದ್ದರೆ ಇಡೀ V ಮೇಲಕ್ಕೆ ಸರಿಯುತ್ತದೆ, ಛೇದನ ಬಿಂದು ಅಲ್ಲಿಯೇ ಇರುತ್ತದೆ. ತುದಿಯ ಎತ್ತರದ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುತ್ತದೆ, ಉತ್ತರ ಕೆಡುವುದಿಲ್ಲ. ಆದರೆ ಗಡಸು ನೀರಿನ ಬೈಕಾರ್ಬೊನೇಟ್ ಆಮ್ಲವನ್ನೇ ತಿಂದುಹಾಕುತ್ತದೆ. ಕ್ಷಾರೀಯತೆ, ಅಂದರೆ ಆಮ್ಲವನ್ನು ನುಂಗುವ ಶಕ್ತಿ, ಲೀಟರಿಗೆ 300 ಮಿ.ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮವಾಗಿರುವ ನೀರು 10 ಮಿ.ಲೀ. ಬೀಕರಿಗೆ ಸೇರಿದರೆ 0.06 ಮಿಲಿಮೋಲ್ ಆಮ್ಲ ಮುಗಿದುಹೋಗುತ್ತದೆ. ಅದು ಬ್ಯುರೆಟ್ಟಿನ ಲೆಕ್ಕದಲ್ಲಿ 0.6 ಮಿ.ಲೀ.; 5.2 ಬರಬೇಕಾದಲ್ಲಿ 4.6 ಬರುತ್ತದೆ. ಫಲಕ ಮುಳುಗಿಸಲು ನಲ್ಲಿಯ ನೀರು ಸುರಿಯುವ ಅಭ್ಯಾಸವನ್ನು ಈ ಕಾರಣಕ್ಕೆ ಕಟ್ಟುನಿಟ್ಟಾಗಿ ತಡೆಯಬೇಕು.

ಬೇಸಿಗೆಯ ಬಗ್ಗೆಯೂ ಒಂದು ಮಾತು. ಉಷ್ಣತೆ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇ. 2 ಏರುತ್ತದೆ. ಇಡೀ ಪ್ರಯೋಗ 25ರ ಬದಲು 36 ಡಿಗ್ರಿಯಲ್ಲಿ ನಡೆದರೂ ಛೇದನ ಬಿಂದು ಸರಿಯುವುದಿಲ್ಲ. ತೊಂದರೆ ಬರುವುದು ಪ್ರಯೋಗದ ನಡುವೆ ಉಷ್ಣತೆ ಬದಲಾದಾಗ. ಆದ್ದರಿಂದ ಆಮ್ಲ ಮತ್ತು NaOH ಬಾಟಲಿಗಳು ಒಂದೇ ಮೇಜಿನ ಮೇಲೆ ಸಾಕಷ್ಟು ಹೊತ್ತು ಇದ್ದು ಕೋಣೆಯ ಉಷ್ಣತೆಗೆ ಬಂದಿರಲಿ, ಬೀಕರ್ ಕಿಟಕಿಯ ಬಿಸಿಲಿನಲ್ಲಿರದಿರಲಿ.

V ಬದಲು ತಳ ಅಗಲವಾದರೆ

ಪ್ರಬಲ ಆಮ್ಲ ಮತ್ತು ಪ್ರಬಲ ಪ್ರತ್ಯಾಮ್ಲದ ನಕ್ಷೆಯ ತುದಿ ಚೂಪಾಗಿರಬೇಕು. ಇಳಿಯುವ ಗೆರೆಗೂ ಏರುವ ಗೆರೆಗೂ ನಡುವೆ ಮೆಲ್ಲಗೆ ಏರುವ ಒಂದು ಚಿಕ್ಕ ಮೂರನೆಯ ತುಂಡು ಕಂಡರೆ ಸಾಮಾನ್ಯವಾಗಿ ಕಾರಣ ಹಳೆಯ NaOH. ಮುಚ್ಚಳ ಸಡಿಲವಿದ್ದ ಬಾಟಲಿಯ NaOH ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಭಾಗಶಃ ಕಾರ್ಬೊನೇಟ್ ಆಗಿರುತ್ತದೆ. ಅದು ಆಮ್ಲದೊಡನೆ ವರ್ತಿಸಿದಾಗ ಹುಟ್ಟುವ ಕಾರ್ಬೊನಿಕ್ ಆಮ್ಲ ಬೀಕರಿನಲ್ಲಿಯೇ ಕರಗಿರುತ್ತದೆ. H⁺ ಮುಗಿದ ಮೇಲೆ ಬರುವ OH⁻ ಮೊದಲು ಆ ಕಾರ್ಬೊನಿಕ್ ಆಮ್ಲವನ್ನು ಬೈಕಾರ್ಬೊನೇಟ್ ಮಾಡುವುದರಲ್ಲಿ ಖರ್ಚಾಗುತ್ತದೆ. ಬೈಕಾರ್ಬೊನೇಟ್ ಅಯಾನು ನಿಧಾನಿ. ಹಾಗಾಗಿ ಏರಿಕೆ ಮಂದವಾಗಿರುತ್ತದೆ, ಅದು ಮುಗಿದ ಮೇಲೆಯೇ ನಿಜವಾದ ಬಲಗಡೆಯ ಗೆರೆ ಶುರುವಾಗುತ್ತದೆ.

ಇಂಥ ನಕ್ಷೆಯಲ್ಲಿ ಎಡ ಮತ್ತು ಬಲ ಗೆರೆಗಳನ್ನು ಹೇಗೋ ಮುಂದುವರಿಸಿ ಕೂಡಿಸಿದರೆ ಸಿಗುವ ಬಿಂದು ಆ ಮಧ್ಯದ ತುಂಡಿನ ಕೆಳಗೆ ಎಲ್ಲೋ ಬೀಳುತ್ತದೆ. ಅದು ಯಾವ ರಾಸಾಯನಿಕ ಘಟನೆಯನ್ನೂ ಸೂಚಿಸುವುದಿಲ್ಲ. ಎಡಗಡೆಯ ಗೆರೆ ಮತ್ತು ಮಧ್ಯದ ತುಂಡು ಕೂಡುವ ಸ್ಥಾನವೇ H⁺ ಮುಗಿದ ಸ್ಥಾನ. ಆದರೂ ಮಧ್ಯದ ತುಂಡಿನ ಮೇಲೆ ನಾಲ್ಕು ಬಿಂದುಗಳಾದರೂ ಇಲ್ಲದಿದ್ದರೆ ಅದನ್ನು ನಂಬಿ ಉತ್ತರ ಬರೆಯಬೇಡಿ. ಹೊಸದಾಗಿ ಕುದಿಸಿ ಆರಿಸಿದ ಡಿಸ್ಟಿಲ್ಡ್ ವಾಟರಿನಲ್ಲಿ NaOH ಮತ್ತೆ ತಯಾರಿಸಿ, ಆಕ್ಸಾಲಿಕ್ ಆಮ್ಲ ಅಥವಾ ಪೊಟ್ಯಾಶಿಯಂ ಹೈಡ್ರೋಜನ್ ಥ್ಯಾಲೇಟಿನಿಂದ ಅದರ ಸಾರತೆಯನ್ನು ಗೊತ್ತುಮಾಡಿಕೊಂಡು, ಪ್ರಯೋಗವನ್ನು ಮೊದಲಿನಿಂದ ಮಾಡಿ.